ತರಲೇ, ಬರಲೇ, ಬಿಡಲೇ

ನಮ್ಮಲ್ಲಿ ಹೆಚ್ಚಿನವರು ಬದುಕಿನಲ್ಲಿ ಬರೆದ ಮೊದಲ ವ್ಯವಹಾರದ ಪತ್ರ ರಜೆ ಅರ್ಜಿ. ‘ವಿಷಯ: ಎರಡು ದಿನ ರಜೆ ಕೋರಿ.’ ಕೆಳಗೆ ಒಂದು ಸಾಲಿನ ಕಾರಣ, ಎಂದಿನಿಂದ ಎಂದಿನವರೆಗೆ ಎಂಬ ತಾರೀಖು, ಹೆಸರು, ತರಗತಿ. ಮೇಷ್ಟ್ರು ಅದನ್ನು ಓದಿ ಯಾರನ್ನೂ ಕೇಳಬೇಕಾಗಿರಲಿಲ್ಲ, ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅಂಚಿನಲ್ಲಿ ಸಹಿ ಹಾಕಿದರೆ ಹೌದು, ವಾಪಸು ಕೊಟ್ಟರೆ ಇಲ್ಲ. ಐದನೇ ಇಯತ್ತೆಯ ಮಗು ಬರೆದ ಆ ಕಾಗದದಲ್ಲಿ ಒಂದೇ ಕೋರಿಕೆ ಇತ್ತು, ಅದಕ್ಕೆ ಅಳತೆ ಇತ್ತು, ಉತ್ತರಕ್ಕೆ ಜಾಗ ಇತ್ತು.

ಅದೇ ಮಗು ದೊಡ್ಡದಾಗಿ, ಮುಂಬೈಯ ಉಪನಗರವೊಂದರಲ್ಲಿ ಗಾಲಾ ಬಾಡಿಗೆಗೆ ಹಿಡಿದು, ಯಂತ್ರ ಕೂಡಿಸಿ, ಏನನ್ನೋ ತಯಾರಿಸಲು ತೊಡಗಿ, ಪರಿಚಯವೇ ಇಲ್ಲದ ಒಬ್ಬ ಡಿಸ್ಟ್ರಿಬ್ಯೂಟರಿಗೆ ಮೊದಲ ಇಮೇಲ್ ಬರೆಯಲು ಕೂತಾಗ ಈ ಮೂರನ್ನೂ ಮರೆತುಬಿಡುತ್ತದೆ. ಇಂಥ ಪತ್ರಗಳನ್ನು ಕನ್ನಡದಿಂದ ಇಂಗ್ಲಿಷಿಗೆ, ಕೆಲವೊಮ್ಮೆ ಹಿಂದಿಗೆ ಮಾಡಿಕೊಡುವುದು ನನ್ನ ಹೊಟ್ಟೆಪಾಡಿನ ಒಂದು ಭಾಗ. ನನ್ನ ಮೇಜಿಗೆ ಬರುವ ಕರಡುಗಳಲ್ಲಿ ಭಾಷೆ ಕೆಟ್ಟಿರುವುದು ಕಡಿಮೆ. ಕೆಟ್ಟಿರುವುದು ಕೋರಿಕೆ. ಒಂದೋ ಅದು ಇರುವುದೇ ಇಲ್ಲ, ಇಲ್ಲವೇ ಐದು ಇರುತ್ತವೆ. ಇದನ್ನು ಎಲ್ಲರೂ ‘ಇಂಗ್ಲಿಷ್ ಬಾರದ ಸಮಸ್ಯೆ’ ಎಂದುಕೊಂಡಿದ್ದಾರೆ. ಅಲ್ಲ ಎನ್ನುವುದು ನನ್ನ ವಾದ. ಒಳ್ಳೆಯ ಕೋರಿಕೆಗೆ ಬೇಕಾದ ವ್ಯಾಕರಣ ನಮ್ಮ ಬಾಯಲ್ಲೇ ಇದೆ. ಪತ್ರ ಬರೆಯುವಾಗ ಅದನ್ನು ಬದಿಗಿಟ್ಟು ಸರ್ಕಾರಿ ಕನ್ನಡಕ್ಕೋ, ಅದರ ಇಂಗ್ಲಿಷ್ ಅಣ್ಣನಿಗೋ ಶರಣಾಗುತ್ತೇವೆ, ಅಷ್ಟೇ.

ಒಂದು ಪತ್ರವನ್ನೇ ಹಿಡಿದು ನೋಡೋಣ. ಕಾಂದಿವಲಿ ಪಶ್ಚಿಮದ ಚಾರ್‌ಕೋಪ್‌ನ ಕೈಗಾರಿಕಾ ವಸಾಹತಿನಲ್ಲಿ ವಿಜಯಪುರದ ಕಡೆಯ ದಂಪತಿ ಶೇಂಗಾ ಚಟ್ನಿ ಪುಡಿ ಮಾಡುತ್ತಾರೆ. ನೂರು ಗ್ರಾಮಿನ ಪ್ಯಾಕೆಟ್, ಮೇಲೆ ಅರವತ್ತು ರೂಪಾಯಿ ಎಂಆರ್‌ಪಿ. ಆವರೆಗೆ ಅವರು ಹೌಸಿಂಗ್ ಸೊಸೈಟಿಗಳ ಸಂಕ್ರಾಂತಿ ಮೇಳ, ನಾಲ್ಕಾರು ಪರಿಚಯದ ಅಂಗಡಿ, ಊರಿನವರ ವಾಟ್ಸಾಪ್ ಗುಂಪು ಇಷ್ಟರಲ್ಲೇ ಮಾರುತ್ತಿದ್ದರು. ಈಗ ಬೋರಿವಲಿಯಿಂದ ಮಲಾಡ್‌ವರೆಗಿನ ಕಿರಾಣಿ ಅಂಗಡಿಗಳಿಗೆ ಉಪ್ಪಿನಕಾಯಿ, ಹಪ್ಪಳ, ಫರ್ಸಾಣ್ ತಲುಪಿಸುವ ಒಬ್ಬ ಡಿಸ್ಟ್ರಿಬ್ಯೂಟರಿಗೆ ಬರೆಯಬೇಕು.

ಅವರ ಕರಡು ಒಂದೂವರೆ ಪುಟ ಇತ್ತು. ಮೊದಲ ಪ್ಯಾರಾದಲ್ಲಿ ಅಜ್ಜಿಯ ಕೈರುಚಿ, ಎರಡನೆಯದರಲ್ಲಿ ಶುದ್ಧತೆ ಮತ್ತು ಆರೋಗ್ಯ, ಮೂರನೆಯದರಲ್ಲಿ ‘ಮಹಾರಾಷ್ಟ್ರದಾದ್ಯಂತ ವಿಸ್ತರಿಸುವ ದೂರದೃಷ್ಟಿ’, ನಾಲ್ಕನೆಯದರಲ್ಲಿ ‘ಆಕರ್ಷಕ ಮಾರ್ಜಿನ್’. ಕೊನೆಗೆ: ತಾವು ನಮ್ಮ ಉತ್ಪನ್ನದ ವಿತರಣೆಯನ್ನು ವಹಿಸಿಕೊಳ್ಳಬೇಕು, ಸಾಧ್ಯವಾಗದಿದ್ದರೆ ಬೇರೆ ಯಾರನ್ನಾದರೂ ಸೂಚಿಸಬೇಕು, ದರಪಟ್ಟಿಯ ಬಗ್ಗೆ ಅಭಿಪ್ರಾಯ ತಿಳಿಸಬೇಕು, ಒಮ್ಮೆ ನಮ್ಮ ಘಟಕಕ್ಕೆ ಭೇಟಿ ಕೊಡಬೇಕು, ‘ತಮ್ಮ ಅಮೂಲ್ಯ ಸಹಕಾರವನ್ನು ನೀಡುವಿರೆಂದು ನಂಬಿದ್ದೇನೆ.’

ಎಣಿಸಿದರೆ ಐದು ಕೋರಿಕೆ. ಒಂದಕ್ಕೂ ಪ್ರಶ್ನಾರ್ಥಕ ಚಿಹ್ನೆ ಇಲ್ಲ. ಇಲ್ಲಿ ಭಾಷಾಶಾಸ್ತ್ರದ ಒಂದು ಸಣ್ಣ ಮಾತು ಹೇಳಲೇಬೇಕು. ‘ನೀಡುವಿರೆಂದು ನಂಬಿದ್ದೇನೆ’ ಎಂಬುದು ವ್ಯಾಕರಣದ ದೃಷ್ಟಿಯಿಂದ ಕೋರಿಕೆಯೇ ಅಲ್ಲ, ನನ್ನ ನಂಬಿಕೆಯ ಬಗೆಗಿನ ಹೇಳಿಕೆ. ಅದಕ್ಕೆ ‘ಹೌದು’ ಅಥವಾ ‘ಇಲ್ಲ’ ಎಂದು ಉತ್ತರಿಸಲು ಬರುವುದಿಲ್ಲ. ‘ಸರಿ, ನಂಬಿಕೊಂಡಿರಿ’ ಎನ್ನಬಹುದು, ಅಷ್ಟೇ. ಕಚೇರಿಗೆ ಬರೆಯುವ ಅರ್ಜಿಯಲ್ಲಿ ಇದು ನಡೆಯುತ್ತದೆ, ಏಕೆಂದರೆ ಅಲ್ಲಿ ಅರ್ಜಿಗೆ ನಂಬರ್ ಬೀಳುತ್ತದೆ, ಕಡತ ತೆರೆಯುತ್ತದೆ, ಯಾರೋ ಒಬ್ಬರು ಉತ್ತರ ಕೊಡಲೇಬೇಕಾದ ಕುರ್ಚಿಯಲ್ಲಿ ಕೂತಿರುತ್ತಾರೆ. ಗೋಡೌನಿನಲ್ಲಿ ಟೆಂಪೋ ಲೋಡ್ ಮಾಡಿಸುತ್ತ ಫೋನ್ ನೋಡುವ ಮನುಷ್ಯನಿಗೆ ಅಂಥ ಯಾವ ಬಾಧ್ಯತೆಯೂ ಇಲ್ಲ. ಪತ್ರದಲ್ಲಿ ಉತ್ತರಕ್ಕೆ ಜಾಗವಿಲ್ಲದಿದ್ದರೆ ಅವನು ಉತ್ತರಿಸುವುದಿಲ್ಲ. ಅದು ಅಹಂಕಾರವಲ್ಲ.

ಹಾಗಾದರೆ ಕೋರಿಕೆಯ ರೂಪ ಯಾವುದಿರಬೇಕು? ಕನ್ನಡದಲ್ಲಿ ‘ಲೇ’ ಎಂದು ಮುಗಿಯುವ ಒಂದು ಕ್ರಿಯಾರೂಪ ಇದೆ: ತರಲೇ, ಬರಲೇ, ಬಿಡಲೇ. ಆಡುಮಾತಿನಲ್ಲಿ ತರ್ಲಾ, ಬರ್ಲಾ. ಕೆಲಸ ಮಾಡುವವನು ಕೇಳುವವನೇ. ಎದುರಿನವರಿಂದ ಬೇಕಾಗಿರುವುದು ಒಂದು ‘ಹ್ಞೂಂ’ ಮಾತ್ರ. ‘ನೀವು ಮಾಡಿಕೊಡಿ’ ಎಂಬುದಕ್ಕೂ ‘ನಾನು ಮಾಡಲೇ’ ಎಂಬುದಕ್ಕೂ ಇರುವ ಅಂತರ ವಿನಯದ್ದಲ್ಲ, ದುಡಿಮೆಯ ಹಂಚಿಕೆಯದು. ಮೊದಲನೆಯದರಲ್ಲಿ ಹೊರೆ ಓದುವವನ ಮೇಲೆ. ಎರಡನೆಯದರಲ್ಲಿ ಹೊರೆ ನನ್ನದು, ನಿರ್ಧಾರ ಮಾತ್ರ ಅವನದು. ಮುಂಬೈಯಲ್ಲಿ ವ್ಯಾಪಾರ ನಡೆಯುವ ಉಳಿದ ಭಾಷೆಗಳಲ್ಲೂ ಇದು ಸಲೀಸಾಗಿ ಇದೆ. ಮರಾಠಿಯಲ್ಲಿ ‘ಆಣೂ ಕಾ?’, ಹಿಂದಿಯಲ್ಲಿ ‘ಲಾಊಂ?’, ಗುಜರಾತಿಯಲ್ಲಿ ‘ಲಾವುಂ?’. ಈ ಊರಿನ ಯಾವ ಅಂಗಡಿಯಲ್ಲಾದರೂ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ರೂಪ ಇದು. ಅದನ್ನು ಬಿಟ್ಟು ‘ತಾವು ದಯವಿಟ್ಟು ಪರಿಗಣಿಸಿದಲ್ಲಿ ನಾವು ಅತ್ಯಂತ ಆಭಾರಿಯಾಗಿರುತ್ತೇವೆ’ ಎಂದು ಬರೆದು, ಅದನ್ನು ಇಂಗ್ಲಿಷಿಗೆ ತಿರುಗಿಸಿ ಎಂದು ನನಗೆ ಹಣ ಕೊಡುತ್ತಾರೆ.

ಸರಿ, ‘ತರಲೇ’ ಎಂದು ಕೇಳೋಣ. ಏನನ್ನು ತರಲೇ? ಭಾಷೆಯಿಂದ ವ್ಯಾಪಾರಕ್ಕೆ ದಾಟುವ ಜಾಗ ಇದು, ಬಹಳ ಪತ್ರಗಳು ಮುಗ್ಗರಿಸುವುದೂ ಇಲ್ಲೇ. ‘ನಮ್ಮ ಡಿಸ್ಟ್ರಿಬ್ಯೂಟರ್ ಆಗುವಿರಾ?’ ಎಂಬುದು ಒಂದೇ ಕೋರಿಕೆಯಂತೆ ಕಾಣುತ್ತದೆ, ಆದರೆ ಒಳಗೆ ಹತ್ತು ಪ್ರಶ್ನೆಗಳಿವೆ. ಎಷ್ಟು ಹಣ ಹಾಕಬೇಕು, ಮಾರಾಟವಾಗದ ಮಾಲು ಯಾರ ತಲೆಗೆ, ಎಷ್ಟು ಪ್ರದೇಶ, ಎಷ್ಟು ದಿನ ಉದ್ರಿ, ಒಡೆದ ಪ್ಯಾಕೆಟ್ಟಿನ ಹಣ ಯಾವಾಗ. ಇವಕ್ಕೆ ಉತ್ತರ ಗೊತ್ತಿಲ್ಲದೆ ಯಾರೂ ಹೌದೆನ್ನುವುದಿಲ್ಲ, ಕೇಳುತ್ತ ಕೂರಲು ವ್ಯವಧಾನವೂ ಇಲ್ಲ. ಹಾಗಾಗಿ ಬರುವ ಉತ್ತರ ‘ರೇಟ್ ಲಿಸ್ಟ್ ಕಳಿಸಿ’. ಇದನ್ನು ಆಸಕ್ತಿ ಎಂದು ತಿಳಿದು ಖುಷಿಪಡುವವರನ್ನು ನೋಡಿದ್ದೇನೆ. ಅದು ಹೆಚ್ಚಾಗಿ ಪತ್ರದಲ್ಲಿ ಕೋರಿಕೆ ಇರಲಿಲ್ಲ ಎಂಬುದರ ಗುರುತು.

ಡಿಸ್ಟ್ರಿಬ್ಯೂಟರನ ಕಡೆ ಕೂತು ಒಂದು ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ನಮ್ಮ ಚಟ್ನಿ ಪ್ಯಾಕೆಟ್ಟನ್ನು ಅವನಿಗೆ 46 ರೂಪಾಯಿಗೆ ಕೊಡುತ್ತೇವೆ ಎಂದುಕೊಳ್ಳಿ. ಅವನು ಅಂಗಡಿಗೆ 50ಕ್ಕೆ ಕೊಡುತ್ತಾನೆ, ಅಂಗಡಿಯವನು 60ಕ್ಕೆ ಮಾರುತ್ತಾನೆ. ಎಲ್ಲ ತೆರಿಗೆ ಸೇರಿದ ಲೆಕ್ಕ. ಇನ್ನೂರು ಪ್ಯಾಕೆಟ್ ಕೊಂಡರೆ ಅವನ 9,200 ರೂಪಾಯಿ ಸಿಕ್ಕಿಕೊಳ್ಳುತ್ತದೆ, ಎಲ್ಲ ಮಾರಿದರೆ 800 ಸಿಗುತ್ತದೆ. ಆ ಹಣ ಗೋಡೌನಿನಲ್ಲಿ ಹತ್ತು ದಿನ, ಅಂಗಡಿಯವರ ಉದ್ರಿಯಲ್ಲಿ ಇಪ್ಪತ್ತು ದಿನ ಕೂತು ತಿಂಗಳಿಗೊಮ್ಮೆ ಕೈಗೆ ಬಂದರೆ ವರ್ಷಕ್ಕೆ ಹನ್ನೆರಡು ಸುತ್ತು, 9,600 ರೂಪಾಯಿ. ಇದರಲ್ಲಿ ಸೇಲ್ಸ್‌ಮನ್‌ನ ಸಂಬಳ, ಟೆಂಪೋ, ಹುಡುಗರು, ಹಾಳಾದ ಮಾಲು ಎಲ್ಲ ಹೋಗಬೇಕು. ಅದೇ ಹಣ ಎರಡು ತಿಂಗಳಿಗೊಮ್ಮೆ ಬಂದರೆ ಆರೇ ಸುತ್ತು, 4,800. ಈಗ ನಾವು ‘ಆಕರ್ಷಕ ಮಾರ್ಜಿನ್’ ಎಂದು ಪ್ಯಾಕೆಟ್ಟಿಗೆ ನಾಲ್ಕರ ಬದಲು ಆರು ರೂಪಾಯಿ ಬಿಟ್ಟುಕೊಟ್ಟೆವು ಎನ್ನಿ. ಮಾಲು ನಿಧಾನವಾಗಿದ್ದರೆ ವರ್ಷಕ್ಕೆ 7,200 ಆಯಿತು. ಬೇಗ ಓಡುವ ನಾಲ್ಕು ರೂಪಾಯಿಯ ಮಾಲಿಗಿಂತ ಅದು ಕಡಿಮೆಯೇ. ಅವನು ಕೇಳುವುದು ‘ಎಷ್ಟು ಉಳಿಯುತ್ತದೆ’ ಎಂದಲ್ಲ, ‘ಎಷ್ಟು ದಿನದಲ್ಲಿ ತಿರುಗುತ್ತದೆ’ ಎಂದು. ಹೊಸ ಬ್ರ್ಯಾಂಡಿನವನಿಗೆ ಇದರ ಉತ್ತರ ಗೊತ್ತಿರುವುದಿಲ್ಲ, ಗೊತ್ತಿರಲು ಸಾಧ್ಯವೂ ಇಲ್ಲ. ಶೇಂಗಾ ಬೇರೆ. ಎಣ್ಣೆಯಂಶದ ಕಾಳು, ಮುಂಬೈಯ ಸೆಕೆಯಲ್ಲಿ ಕೆಲವು ತಿಂಗಳಾದರೆ ಕಮಟು ಹಿಡಿಯುತ್ತದೆ. ನಿಧಾನ ಎಂದರೆ ಇಲ್ಲಿ ನಷ್ಟ.

ಆದ್ದರಿಂದ ಮೊದಲ ಪತ್ರದ ಸರಿಯಾದ ಕೋರಿಕೆ ಆ ಉತ್ತರವನ್ನು ಹುಡುಕಲು ಬೇಕಾದಷ್ಟೇ ದೊಡ್ಡದಿರಬೇಕು. ಅಜ್ಜಿ, ದೂರದೃಷ್ಟಿ ಎಲ್ಲ ಬದಿಗಿಟ್ಟು ಕೊನೆಗೆ ಇಂಗ್ಲಿಷಿನಲ್ಲಿ ಹೋದ ಪತ್ರದ ಸಾರ ಕನ್ನಡದಲ್ಲಿ ಇಷ್ಟು:

‘ವಿಷಯ: 25 ಅಂಗಡಿಗೆ 200 ಪ್ಯಾಕೆಟ್ ಶೇಂಗಾ ಚಟ್ನಿ, ಬುಧವಾರ ತರಲೇ?

ನಮಸ್ಕಾರ. ಚಾರ್‌ಕೋಪ್‌ನಲ್ಲಿ ಶೇಂಗಾ ಚಟ್ನಿ ಪುಡಿ ತಯಾರಿಸುತ್ತೇವೆ. ನಿಮ್ಮ ಉಪ್ಪಿನಕಾಯಿ ಹೋಗುವ ಮಹಾವೀರ್ ನಗರದ ಎರಡು ಅಂಗಡಿಗಳಲ್ಲಿ ಆರು ವಾರದಿಂದ ನಮ್ಮ ಪ್ಯಾಕೆಟ್ ಇದೆ. ಒಂದರಲ್ಲಿ ವಾರಕ್ಕೆ ಐದು, ಇನ್ನೊಂದರಲ್ಲಿ ಮೂರು ಹೋಗುತ್ತಿವೆ.

ನಿಮ್ಮ ಕಾಂದಿವಲಿ ಪಶ್ಚಿಮದ ಬೀಟ್‌ನ 25 ಅಂಗಡಿಗಳಲ್ಲಿ ಒಂದು ತಿಂಗಳು ಇಟ್ಟು ನೋಡಲು 200 ಪ್ಯಾಕೆಟ್ ಬುಧವಾರ ನಾಲ್ಕು ಗಂಟೆಗೆ ನಿಮ್ಮ ಗೋಡೌನಿಗೆ ತಂದುಕೊಡಲೇ?

ನಿಮಗೆ 46, ಅಂಗಡಿಗೆ 50, ಎಂಆರ್‌ಪಿ 60. ಮೂವತ್ತನೇ ದಿನ ಮಾರಿದ್ದಕ್ಕೆ ಮಾತ್ರ ಹಣ, ಉಳಿದದ್ದನ್ನು ನಾವೇ ಬಂದು ಒಯ್ಯುತ್ತೇವೆ. ಆ ತಿಂಗಳು ಆ ಅಂಗಡಿಗಳಿಗೆ ನಾವು ನೇರವಾಗಿ ಮಾಲು ಕೊಡುವುದಿಲ್ಲ. ಬಾಳಿಕೆ ನಾಲ್ಕು ತಿಂಗಳು. ಲೇಬಲ್‌ನ ಎರಡೂ ಬದಿಯ ಚಿತ್ರ ಜೊತೆಗಿದೆ.

ಬೇಡವಾದರೆ “ಬೇಡ” ಎಂದು ಒಂದು ಮಾತು ಬರೆದರೆ ಸಾಕು.’

ಇದರಲ್ಲಿ ಕೋರಿಕೆ ಒಂದೇ. ಪತ್ರದ ಉಳಿದ ಪ್ರತಿ ಸಾಲೂ ಆ ಒಂದು ಪ್ರಶ್ನೆಗೆ ಹೌದೆನ್ನಲು ಅಡ್ಡ ಬರುವ ಒಂದೊಂದು ಕಲ್ಲನ್ನು ಎತ್ತಿ ಬದಿಗಿಡುತ್ತದೆ. ಎತ್ತಬೇಕಾದ ಕಲ್ಲಿಲ್ಲದ ಸಾಲಿಗೆ ಪತ್ರದಲ್ಲಿ ಜಾಗವಿಲ್ಲ. ಅಜ್ಜಿಯ ಕೈರುಚಿ ಹೋದದ್ದು ಅದಕ್ಕೇ. ಅದು ಪ್ಯಾಕೆಟ್ಟಿನ ಹಿಂಬದಿಯಲ್ಲಿ ಗಿರಾಕಿಗೆ ಹೇಳಬೇಕಾದ ಮಾತು.

ಕೆಲವು ಸಾಲುಗಳ ಹಿಂದಿನ ಕೆಲಸ ಹೇಳುತ್ತೇನೆ. ‘ನಿಮ್ಮ ಉಪ್ಪಿನಕಾಯಿ ಹೋಗುವ ಎರಡು ಅಂಗಡಿಗಳು’ ಎಂಬುದು ಬರೆಯುವ ಮೊದಲು ಕಾಲ್ನಡಿಗೆಯಲ್ಲಿ ಗಳಿಸಿದ ಸಾಲು. ಯಾರಿಗೆ ಬರೆಯಬೇಕು ಎಂಬುದನ್ನು ಅಂತರ್ಜಾಲದ ಪಟ್ಟಿಯಲ್ಲಿ ಹುಡುಕುವುದಕ್ಕಿಂತ, ನಮ್ಮ ಮಾಲು ಇರಬೇಕಾದ ಅಂಗಡಿಗೆ ಹೋಗಿ ‘ಈ ಉಪ್ಪಿನಕಾಯಿ ನಿಮಗೆ ಯಾರು ಹಾಕುತ್ತಾರೆ?’ ಎಂದು ಕೇಳುವುದು ಮೇಲು. ಅಂಗಡಿಯವರು ಹೇಳುತ್ತಾರೆ. ಅವರ ಬಿಲ್ ಮೇಲೆ ಡಿಸ್ಟ್ರಿಬ್ಯೂಟರನ ಹೆಸರು, ವಿಳಾಸ, ಜಿಎಸ್‌ಟಿ ನಂಬರ್ ಇರುತ್ತದೆ, ಬಹಳ ಸಲ ಇಮೇಲ್ ಕೂಡ. ಟೆಂಪೋ ಯಾವ ವಾರ ಬರುತ್ತದೆ, ಒಡೆದ ಪ್ಯಾಕೆಟ್ ವಾಪಸು ತೆಗೆದುಕೊಳ್ಳುತ್ತಾನೋ ಇಲ್ಲವೋ ಎಂಬುದೂ ಅಲ್ಲೇ ತಿಳಿಯುತ್ತದೆ. ಇನ್ನೂರು ಜನರಿಗೆ ಒಂದೇ ಪತ್ರ ಕಳಿಸುವವರು ಈ ಸಾಲನ್ನು ಬರೆಯಲಾರರು. ಓದುವವನಿಗೆ ಅದು ಒಂದು ನೋಟಕ್ಕೆ ಗೊತ್ತಾಗುತ್ತದೆ.

‘ನಾವು ನೇರವಾಗಿ ಕೊಡುವುದಿಲ್ಲ’ ಎಂಬ ಸಾಲಿನ ಹಿಂದೆ ಇಡೀ ಉದ್ಯಮದ ಒಂದು ನೋವಿದೆ. 2021ರ ಕೊನೆಯಲ್ಲಿ ಅಖಿಲ ಭಾರತ ಗ್ರಾಹಕ ಉತ್ಪನ್ನ ವಿತರಕರ ಒಕ್ಕೂಟ ದೊಡ್ಡ ಕಂಪನಿಗಳ ವಿರುದ್ಧ ಅಸಹಕಾರದ ಎಚ್ಚರಿಕೆ ಕೊಟ್ಟಿತು. ಆನ್‌ಲೈನ್ ಸಗಟು ಮಾರಾಟಗಾರರಿಗೆ ಕಂಪನಿಗಳು ತಮಗಿಂತ ಕಡಿಮೆ ದರಕ್ಕೆ ಮಾಲು ಕೊಡುತ್ತಿವೆ, ಅಂಗಡಿಯವರು ತಮ್ಮ ಸೇಲ್ಸ್‌ಮನ್‌ನನ್ನು ‘ಆ್ಯಪ್‌ನಲ್ಲಿ ಇನ್ನೂ ಅಗ್ಗ’ ಎಂದು ವಾಪಸು ಕಳಿಸುತ್ತಿದ್ದಾರೆ ಎಂಬುದು ಅವರ ದೂರು. 2022ರ ಜನವರಿಯ ಹೊತ್ತಿಗೆ ಮಹಾರಾಷ್ಟ್ರದ ವಿತರಕರು ಕೋಲ್ಗೇಟ್‌ನಂಥ ಕಂಪನಿಯ ಮಾಲನ್ನೇ ತಡೆಹಿಡಿಯುವ ಮಟ್ಟಕ್ಕೆ ಹೋದರು. ದೊಡ್ಡವರಿಂದಲೇ ಹೀಗೆ ಪೆಟ್ಟು ತಿಂದವನು ಹೊಸಬರ ಪತ್ರವನ್ನು ಯಾವ ಕಣ್ಣಿನಿಂದ ಓದುತ್ತಾನೆ ಎಂದು ಊಹಿಸಿ. ನಾನು ಬೀಟ್ ತಿರುಗಿ ರುಚಿ ಹತ್ತಿಸಿದ ಮೇಲೆ ಇವರು ನನ್ನನ್ನು ದಾಟಿ ಹೋಗುತ್ತಾರೋ? ಇಪ್ಪತ್ತೈದು ಅಂಗಡಿ, ಒಂದು ತಿಂಗಳು ಎಂದು ಅಳತೆ ಹಾಕಿ ಕೊಟ್ಟ ಮಾತು ‘ದೀರ್ಘಕಾಲದ ಪರಸ್ಪರ ಲಾಭದ ಬಾಂಧವ್ಯ’ ಎಂಬ ಪದಪುಂಜಕ್ಕಿಂತ ಹೆಚ್ಚು ತೂಗುತ್ತದೆ. ಅದನ್ನು ಪರೀಕ್ಷಿಸಲು ಬರುತ್ತದೆ.

ಮೂರನೆಯದು, ‘ಮೂವತ್ತನೇ ದಿನ’. ಸಣ್ಣ ತಯಾರಕರು ಪತ್ರದ ತಲೆಬರಹದಲ್ಲೇ ‘ಉದ್ಯಮ್ ನೋಂದಾಯಿತ’ ಎಂದು ಹೆಮ್ಮೆಯಿಂದ ಹಾಕಿಕೊಳ್ಳುತ್ತಾರೆ. ಕೊಳ್ಳುವವನ ಅಕೌಂಟೆಂಟ್ ಅದನ್ನು ಬೇರೆಯೇ ಆಗಿ ಓದುತ್ತಾನೆ. ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮದಿಂದ ಕೊಂಡ ಮಾಲಿಗೆ ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೆ ಒಪ್ಪಿದ ದಿನಕ್ಕೆ, ಆದರೆ 45 ದಿನ ಮೀರದಂತೆ, ಹಣ ಕೊಡಬೇಕು. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆಯ 43ಬಿ(ಎಚ್) ನಿಯಮ ಇದಕ್ಕೆ ಹಲ್ಲು ಕೂಡಿಸಿತು. ಗಡುವು ದಾಟಿದ ಬಾಕಿ ಮಾರ್ಚ್ 31ಕ್ಕೂ ಉಳಿದಿದ್ದರೆ ಕೊಳ್ಳುವವನು ಆ ಖರೀದಿಯನ್ನು ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ, ಹಣ ಕೊಟ್ಟ ವರ್ಷದಲ್ಲೇ ತೋರಿಸಬೇಕು. ತಯಾರಕನನ್ನು ಕಾಯುವ ನಿಯಮ ಇದು, ಬೇಡ ಎನ್ನಲಾರೆ. ಆದರೆ ಪತ್ರದಲ್ಲಿ ಹಣದ ದಿನವನ್ನು ಹೇಳದೆ ಕೇವಲ ನೋಂದಣಿಯನ್ನು ಝಳಪಿಸಿದರೆ ಓದುವವನಿಗೆ ಕಾಣುವುದು ತೊಡಕು. ಮೂವತ್ತು ದಿನ ಎಂದು ಬರೆದು, ಅವನು ಒಪ್ಪಿದ ಕೂಡಲೇ ಅದನ್ನು ಅರ್ಧ ಪುಟದ ಒಪ್ಪಂದ ಮಾಡಿ ಇಬ್ಬರೂ ಸಹಿ ಹಾಕಿದರೆ ಆ ತೊಡಕು ಇಲ್ಲವಾಗುತ್ತದೆ. ಮಾಲಿಗೆ ಬಿಲ್ ಹಾಕಿ, ವಾಪಸು ಬಂದದ್ದಕ್ಕೆ ಕ್ರೆಡಿಟ್ ನೋಟ್ ಕೊಟ್ಟರೆ ಜಿಎಸ್‌ಟಿ ಲೆಕ್ಕವೂ ಸರಿ ಹೋಗುತ್ತದೆ.

ಈ ಪತ್ರ ನೋಡಿ ಚಾರ್‌ಕೋಪ್‌ನ ಅಕ್ಕಾವ್ರಿಗೆ ಸಮಾಧಾನ ಆಗಲಿಲ್ಲ. ‘ಏನ್ರೀ ಸರ, ಇಷ್ಟ ಸಣ್ಣದು ಕೇಳಿದ್ರ ಅವರು ನಮ್ಮನ್ನ ಸಣ್ಣ ಮಂದಿ ಅಂತ ತಿಳಕೊಳ್ಳಂಗಿಲ್ಲೇನು?’ ಎಂದರು. ಅವರ ಯಜಮಾನರ ಆಕ್ಷೇಪ ಬೇರೆ: ‘ಇನ್ನೂರು ಪ್ಯಾಕೆಟ್ ಪೂರಾ ವಾಪಸ್ ಬಂದ್ರ ಒಂಬತ್ತು ಸಾವಿರ ಹೋತು.’ ಎರಡೂ ನಿಜವಾದ ಆಕ್ಷೇಪಗಳು, ಹಾರಿಕೆಯ ಉತ್ತರ ಸಲ್ಲದು.

ಯಜಮಾನರದನ್ನು ಮೊದಲು ನೋಡೋಣ. ಹೌದು, ಈ ಬಗೆಯ ಕೋರಿಕೆಗೆ ಬೆಲೆ ಇದೆ, ಅದನ್ನು ಕೇಳುವವನೇ ತೆರಬೇಕು. ‘ತರಲೇ’ ಎಂಬ ರೂಪದ ಅರ್ಥವೇ ಅದು. ಅರ್ಧ ವಾಪಸು ಬಂದರೆ 4,600 ರೂಪಾಯಿಯ ಮಾಲು, ಪೂರ್ತಿ ಬಂದರೆ 9,200ರದು. ಈ ಹೊಡೆತ ತಾಳದವರು ಹತ್ತು ಅಂಗಡಿ, ಎಂಬತ್ತು ಪ್ಯಾಕೆಟ್ ಎಂದು ಕೇಳಲಿ. ತಾಳಬಲ್ಲಷ್ಟೇ ಕೇಳುವುದು ಒಂದು ಮಿತಿ. ಇನ್ನೊಂದು ತುದಿಯಲ್ಲೂ ಮಿತಿ ಇದೆ: ಅವನು ಹೌದೆಂದು ಮುಂದಿನ ತಿಂಗಳು ಎರಡು ಸಾವಿರ ಪ್ಯಾಕೆಟ್ ಕೇಳಿದರೆ ನಮ್ಮ ಒಂದು ರೋಸ್ಟರ್, ಒಂದು ಗ್ರೈಂಡರ್ ಕೊಡಬಲ್ಲವೇ? ಕೊಡಲಾಗದಿದ್ದರೆ ‘ಮಹಾರಾಷ್ಟ್ರದಾದ್ಯಂತ’ ಎಂಬ ಪದ ಬರೆಯುವುದೇ ತಪ್ಪು. ಅಂಗಡಿಯ ಶೆಲ್ಫ್ ಒಮ್ಮೆ ಖಾಲಿ ಬಿದ್ದರೆ ಅಲ್ಲಿ ಮತ್ತೊಬ್ಬರ ಪ್ಯಾಕೆಟ್ ಕೂರುತ್ತದೆ.

ಅಕ್ಕಾವ್ರ ಮಾತು ಇನ್ನೂ ಆಳದ್ದು. ದೊಡ್ಡದನ್ನು ಕೇಳುವುದೇ ದೊಡ್ಡಸ್ತಿಕೆ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಇದೇ ಊರಿನ ಒಂದು ಹಳೆಯ ಸಂಗತಿ ನೆನಪಿಸುತ್ತೇನೆ. 1959ರ ಮಾರ್ಚ್ 15ರಂದು ಗಿರ್‌ಗಾಂವ್‌ನ ಒಂದು ಹಳೆಯ ಕಟ್ಟಡದ ತಾರಸಿಯ ಮೇಲೆ ಏಳು ಹೆಂಗಸರು ಎಂಬತ್ತು ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಿದರು. ಮೊದಲ ದಿನ ಆದದ್ದು ನಾಲ್ಕು ಪ್ಯಾಕೆಟ್. ಅದನ್ನು ಭುಲೇಶ್ವರದ ಒಬ್ಬ ವ್ಯಾಪಾರಿಗೆ ಮಾರಿದರು. ಆ ಹಪ್ಪಳದ ಹೆಸರು ಲಿಜ್ಜತ್. ಅವನು ಪರಿಚಯದ ವ್ಯಾಪಾರಿ, ಅಪರಿಚಿತನಲ್ಲ, ಹಾಗಾಗಿ ನಮ್ಮ ಪತ್ರಕ್ಕೆ ಅದು ಪೂರ್ತಿ ಹೋಲಿಕೆಯಲ್ಲ. ಆದರೂ ಒಂದು ಅಂಶ ಹೊಂದುತ್ತದೆ. ಭುಲೇಶ್ವರದ ಆ ಮನುಷ್ಯನ ಮುಂದೆ ಇದ್ದದ್ದು ಏಜೆನ್ಸಿಯ ಪ್ರಸ್ತಾವವಲ್ಲ, ನಾಲ್ಕು ಪ್ಯಾಕೆಟ್. ಹೌದೋ ಅಲ್ಲವೋ ಎಂದು ಅವನು ನಿಂತಲ್ಲೇ ಹೇಳಬಹುದಿತ್ತು. ಸಂಸ್ಥೆ ದೊಡ್ಡದಾದದ್ದು ಆಮೇಲೆ, ಮಾರಿದ ಪ್ಯಾಕೆಟ್ಟುಗಳ ಮೇಲೆ ನಿಂತು.

ಇನ್ನೊಂದು ಆಕ್ಷೇಪ ಓದುಗರಲ್ಲಿ ಈಗಾಗಲೇ ಎದ್ದಿರಬಹುದು: ಮುಂಬೈಯಲ್ಲಿ ಇಮೇಲ್ ಓದುವ ಡಿಸ್ಟ್ರಿಬ್ಯೂಟರ್ ಯಾರು, ಎಲ್ಲ ವಾಟ್ಸಾಪ್ ಅಲ್ಲವೇ? ಮಾತುಕತೆ ವಾಟ್ಸಾಪ್‌ನಲ್ಲಿ ನಡೆಯುತ್ತದೆ, ನಿಜ. ಆದರೆ ಗೋಡೌನ್ ಎಂದರೆ ಒಬ್ಬ ಮನುಷ್ಯನಲ್ಲ. ಯಜಮಾನ, ಲೆಕ್ಕ ನೋಡುವ ಮಗ ಅಥವಾ ಸೊಸೆ, ಹೊರಗಿನ ಅಕೌಂಟೆಂಟ್, ಬೀಟ್ ಸೇಲ್ಸ್‌ಮನ್ ಇಷ್ಟು ಜನ ಒಪ್ಪಬೇಕು. ಇಮೇಲ್ ಅವರ ನಡುವೆ ಬದಲಾಗದೆ ಕೈದಾಟುತ್ತದೆ, ದರವೂ ದಿನವೂ ಬರಹದಲ್ಲಿ ಉಳಿಯುತ್ತದೆ. ಪತ್ರ ಕಳಿಸಿ ‘ನಿಮ್ಮ ಇಮೇಲ್‌ಗೆ ಒಂದು ಪ್ರಶ್ನೆ ಕಳಿಸಿದ್ದೇನೆ’ ಎಂದು ವಾಟ್ಸಾಪ್ ಮಾಡುವುದರಲ್ಲಿ ತಪ್ಪಿಲ್ಲ. ಆ ಸಂದೇಶದಲ್ಲಿ ಇನ್ನೊಂದು ಹೊಸ ಕೋರಿಕೆ ಸೇರಿಸಬೇಡಿ. ಉತ್ತರ ಬರದಿದ್ದರೆ ವಾರ ಬಿಟ್ಟು ಒಂದೇ ಒಂದು ಸಲ, ಅದೇ ಪ್ರಶ್ನೆ, ಹೊಸ ಬುಧವಾರದ ತಾರೀಖು. ಅಲ್ಲಿಗೂ ಮೌನವೇ ಆದರೆ ಮುಂದಿನ ಹೆಸರಿಗೆ ಹೋಗಿ. ಎರಡನೇ ಪತ್ರದಲ್ಲಿ ದರ ಇಳಿಸಿದರೆ ಮೊದಲ ದರ ಸುಳ್ಳಾಗಿತ್ತು ಎಂದು ನೀವೇ ಸಾರಿದಂತೆ.

ಚಾರ್‌ಕೋಪ್‌ನವರ ಪತ್ರಕ್ಕೆ ಮೂರನೇ ದಿನ ಉತ್ತರ ಬಂತು. ಬುಧವಾರ ಬೇಡ, ಶುಕ್ರವಾರ ಹನ್ನೊಂದಕ್ಕೆ ಬನ್ನಿ, ಬಿಲ್ ಜೊತೆಗೆ ತನ್ನಿ. ಇಷ್ಟೇ. ಹೋದರು, ಇಟ್ಟರು. ಈ ಹಂತದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಮಾಲು ಡಿಸ್ಟ್ರಿಬ್ಯೂಟರನ ಗೋಡೌನಿಗೆ ಹೋದದ್ದನ್ನೇ ಮಾರಾಟ ಎಂದು ಎಣಿಸುತ್ತಾರೆ. ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಹೋದರೆ ಮಾತ್ರ ಅದು ತಿರುಗಿದಂತೆ. ಹಾಗಾಗಿ ತಿಂಗಳ ಕೊನೆಗೆ ಅಕ್ಕಾವ್ರು ಸೇಲ್ಸ್‌ಮನ್ ಜೊತೆ ತಾವೇ ಬೀಟ್ ತಿರುಗಿ ಶೆಲ್ಫ್ ಮೇಲಿನ ಪ್ಯಾಕೆಟ್ ಎಣಿಸಿದರು. ಮಾರಿದ್ದು ನೂರ ಇಪ್ಪತ್ತರ ಆಸುಪಾಸು. ಅದಕ್ಕಿಂತ ಮುಖ್ಯವಾದ ಸಂಖ್ಯೆ ಬೇರೆ: ಎರಡನೇ ಸಲ ತಾವಾಗಿ ಕೇಳಿದ ಅಂಗಡಿಗಳು ಒಂಬತ್ತು. ಅವೆಲ್ಲ ಮರಾಠಿ, ಕನ್ನಡ ಮನೆಗಳು ಹೆಚ್ಚಿರುವ ಸೊಸೈಟಿಗಳ ಸುತ್ತ ಇದ್ದವು. ಉಳಿದ ಕಡೆ ಪ್ಯಾಕೆಟ್ ಧೂಳು ಹಿಡಿದಿತ್ತು.

ಡಿಸ್ಟ್ರಿಬ್ಯೂಟರ್ ಆ ಒಂಬತ್ತನ್ನು ಇಟ್ಟುಕೊಂಡ, ಬೋರಿವಲಿಯಲ್ಲಿ ಅಂಥದೇ ಹದಿನೈದು ಅಂಗಡಿ ಸೇರಿಸಿದ, ಉಳಿದದ್ದನ್ನು ವಾಪಸು ಕೊಟ್ಟ. ಇದು ದೊಡ್ಡ ಗೆಲುವಿನ ಕತೆಯಲ್ಲ. ಆದರೆ ಒಂದೂವರೆ ಪುಟದ ಪತ್ರ ಯಾವ ಕಾಲಕ್ಕೂ ತರಲಾಗದಿದ್ದ ಒಂದು ತಿಳಿವಳಿಕೆ ಇದರಿಂದ ಬಂತು: ಈ ಚಟ್ನಿ ಎಲ್ಲಿ ತಿರುಗುತ್ತದೆ, ಎಲ್ಲಿ ಇಲ್ಲ. ಮುಂದಿನ ಪತ್ರವನ್ನು ದಹಿಸರ್‌ನವರಿಗೆ ಬರೆಯುವಾಗ ಅವರ ಕೈಯಲ್ಲಿ ‘ಆಕರ್ಷಕ ಮಾರ್ಜಿನ್’ ಬದಲು ಒಂಬತ್ತು ಅಂಗಡಿಯ ಲೆಕ್ಕ ಇರುತ್ತದೆ.

ಒಂದೇ ಕೋರಿಕೆ ಕೆಟ್ಟ ಮಾಲನ್ನು ಮಾರಿಕೊಡುವುದಿಲ್ಲ. ಈಗಾಗಲೇ ದೊಡ್ಡ ಮಸಾಲೆ ಕಂಪನಿಯ ಏಜೆನ್ಸಿ ಇದ್ದು, ಪೈಪೋಟಿಯ ಮಾಲು ಇಡುವುದಿಲ್ಲ ಎಂದು ಸಹಿ ಹಾಕಿರುವ ಡಿಸ್ಟ್ರಿಬ್ಯೂಟರನ ಮನಸ್ಸನ್ನೂ ಬದಲಿಸುವುದಿಲ್ಲ. ಅಂಥವನಿಂದ ಬೇಗ ‘ಬೇಡ’ ಬರುತ್ತದೆ, ಬರಲಿ. ಬೇಗ ಬಂದ ‘ಬೇಡ’ ಮೂರು ತಿಂಗಳ ‘ನೋಡೋಣ’ಕ್ಕಿಂತ ಸಣ್ಣ ತಯಾರಕನಿಗೆ ಅಗ್ಗ. ಪತ್ರದ ಕೊನೆಯಲ್ಲಿ ಬೇಡ ಎನ್ನಲು ದಾರಿ ತೆರೆದಿಟ್ಟದ್ದು ಸೌಜನ್ಯಕ್ಕಲ್ಲ, ಲೆಕ್ಕಕ್ಕೆ.

ಅನುವಾದಕನಾಗಿ ನನಗೆ ಇದರಲ್ಲಿ ನಷ್ಟವೇ. ಒಂದೂವರೆ ಪುಟ ಇದ್ದದ್ದು ಹದಿಮೂರು ಹದಿನಾಲ್ಕು ಸಾಲಾಗುತ್ತದೆ, ಪದದ ಲೆಕ್ಕದಲ್ಲಿ ಹಣ ಕಡಿಮೆ. ಆದರೂ ಕರಡು ತರುವವರಿಗೆ ನಾನು ಕೇಳುವುದು ಒಂದೇ: ಇದನ್ನೆಲ್ಲ ಬಿಟ್ಟು, ಆ ಮನುಷ್ಯ ನಿಮ್ಮ ಎದುರಿಗೇ ನಿಂತಿದ್ದರೆ ‘ಲೇ’ ಹಚ್ಚಿ ಏನು ಕೇಳುತ್ತಿದ್ದಿರಿ? ಅವರು ಹೇಳುವ ಆ ವಾಕ್ಯವನ್ನೇ ವಿಷಯದ ಸಾಲಿನಲ್ಲಿ ಬರೆದುಕೊಂಡು ಕೆಲಸ ಶುರು ಮಾಡುತ್ತೇನೆ.